ಖಾತೆ ಅತ್ತೆಯ ಹೆಸರಿನಲ್ಲಿದ್ದರೂ ಸೊಸೆಗಿರುವ ವಾಸದ ಹಕ್ಕು

(ಗ್ರಾಮ ಪಂಚಾಯಿತಿ ಮಹಿಳಾ ಸದಸ್ಯರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಹಾಗೂ ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯಲ್ಲಿ ಕಾನೂನು ಸೇವಾ ಪ್ರಾಧಿಕಾರದ ಪ್ಯಾನಲ್ ವಕೀಲರೊಬ್ಬರು ನೀಡಿದ ಉಪನ್ಯಾಸದ ಪಠ್ಯ. ಎಲ್ಲ ಗ್ರಾಮ ಪಂಚಾಯಿತಿಗಳ ಮಾಹಿತಿಗಾಗಿ ಈ ಸುತ್ತೋಲೆಯೊಂದಿಗೆ ಲಗತ್ತಿಸಿದೆ.)



ಗಂಡನ ಮನೆಯಿಂದ ಹೊರದೂಡಲ್ಪಟ್ಟ ಹೆಣ್ಣುಮಗಳು ಮೊದಲು ಬರುವುದು ವಕೀಲರ ಬಳಿಗಲ್ಲ; ಪಂಚಾಯಿತಿ ಸದಸ್ಯರ ಮನೆಗೆ, ಇಲ್ಲವೇ ಅಂಗನವಾಡಿಗೆ. ಅಲ್ಲಿ ಆಕೆ ಬಹುಮಟ್ಟಿಗೆ ಕೇಳುವ ಮಾತು ಒಂದೇ: "ಖಾತೆ ನಿಮ್ಮ ಅತ್ತೆಯ ಹೆಸರಿನಲ್ಲಿದೆಯಮ್ಮ, ನೀನು ಕೇಳುವ ಹಾಗಿಲ್ಲ." ಸದುದ್ದೇಶದಿಂದಲೇ ಆಡಿದ ಮಾತಿದು. ಆದರೆ ಕಾನೂನಿನ ದೃಷ್ಟಿಯಲ್ಲಿ ತಪ್ಪು. ಇಂದು ನನ್ನ ಮಾತನ್ನು ಈ ಒಂದು ತಪ್ಪಿನ ಸುತ್ತಲೇ ಇರಿಸಿಕೊಳ್ಳುತ್ತೇನೆ.

ಕೌಟುಂಬಿಕ ಹಿಂಸಾಚಾರದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005 ದೇಶದಲ್ಲಿ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಇದರ ಅರ್ಜಿಯನ್ನು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ, ಅಂದರೆ ತಾಲ್ಲೂಕಿನ ಜೆ.ಎಂ.ಎಫ್.ಸಿ. ನ್ಯಾಯಾಲಯದಲ್ಲಿ ಸಲ್ಲಿಸಬೇಕು. 'ದಂಡಾಧಿಕಾರಿ' ಎಂಬ ಪದವನ್ನು ಕೇಳಿ ತಹಶೀಲ್ದಾರರ ಕಚೇರಿಗೆ ಹೋಗಿ ನಿಂತವರನ್ನು ನಾನು ಕಂಡಿದ್ದೇನೆ, ಅದಲ್ಲ. ಕ್ರಿಮಿನಲ್ ನ್ಯಾಯಾಲಯದಲ್ಲಿ ನಡೆದರೂ ಇಲ್ಲಿ ದೊರೆಯುವ ಪರಿಹಾರ ಸಿವಿಲ್ ಸ್ವರೂಪದ್ದು. ಆಕೆ ಕೇಳುತ್ತಿರುವುದು ಗಂಡನಿಗೆ ಶಿಕ್ಷೆಯನ್ನಲ್ಲ. ಹೊಡೆಯದಿರಲಿ, ಮನೆಯಲ್ಲಿರಲು ಬಿಡಲಿ ಎಂಬ ಆದೇಶವನ್ನು. "ಗಂಡನನ್ನು ಜೈಲಿಗೆ ಹಾಕಿಸುವುದು ಬೇಡ" ಎಂದು ಹಿಂಜರಿಯುವವರಿಗೆ ಈ ವ್ಯತ್ಯಾಸವನ್ನು ತಿಳಿಸಿದರೆ ಅರ್ಧ ಹಿಂಜರಿಕೆ ಕಳೆಯುತ್ತದೆ.

ಈಗ ಮನೆಯ ಪ್ರಶ್ನೆ. ಅಧಿನಿಯಮದ 17ನೆಯ ಪ್ರಕರಣವು, ಕೌಟುಂಬಿಕ ಸಂಬಂಧದಲ್ಲಿರುವ ಪ್ರತಿಯೊಬ್ಬ ಮಹಿಳೆಗೂ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕಿದೆ, ಆ ಮನೆಯಲ್ಲಿ ಆಕೆಗೆ ಸ್ವತ್ತಿನ ಹಕ್ಕು ಇರಲಿ ಇಲ್ಲದಿರಲಿ, ಎಂದು ಹೇಳುತ್ತದೆ. ಕಾನೂನು ರೀತ್ಯಾ ಕ್ರಮ ಅನುಸರಿಸದೆ ಆಕೆಯನ್ನು ಹೊರಹಾಕುವಂತಿಲ್ಲ ಎಂದೂ ಅದೇ ಪ್ರಕರಣ ಹೇಳುತ್ತದೆ. ಇಷ್ಟು ಸ್ಪಷ್ಟವಾಗಿದ್ದರೂ ಗೊಂದಲ ಉಂಟಾಗಲು ಕಾರಣವಿದೆ. 2006ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು, ಗಂಡನಿಗೆ ಸೇರಿದ, ಆತ ಬಾಡಿಗೆಗೆ ಪಡೆದ ಅಥವಾ ಆತ ಸದಸ್ಯನಾಗಿರುವ ಅವಿಭಕ್ತ ಕುಟುಂಬದ ಮನೆಗೆ ಮಾತ್ರ ಈ ಹಕ್ಕು ಅನ್ವಯಿಸುತ್ತದೆ ಎಂದು ತೀರ್ಮಾನಿಸಿತ್ತು. ಅತ್ತೆ ಅಥವಾ ಮಾವನ ಸ್ವಂತ ಮನೆ ಹೊರಗುಳಿಯಿತು. ಹದಿನಾಲ್ಕು ವರ್ಷ ಕೆಳಗಿನ ನ್ಯಾಯಾಲಯಗಳು ಹೆಚ್ಚಾಗಿ ಅದನ್ನೇ ಅನುಸರಿಸಿದವು. 2020ರ ಅಕ್ಟೋಬರ್ 15ರಂದು ನ್ಯಾಯಮೂರ್ತಿ ಅಶೋಕ್ ಭೂಷಣ್ ಅವರಿದ್ದ ಮೂವರ ಪೀಠವು ಆ ತೀರ್ಪು ಸರಿಯಲ್ಲವೆಂದು ಘೋಷಿಸಿತು. ಮನೆ ಗಂಡನ ಸಂಬಂಧಿಕರಿಗೆ ಸೇರಿದ್ದರೂ, ಆಕೆ ಅಲ್ಲಿ ಕೌಟುಂಬಿಕ ಸಂಬಂಧದಲ್ಲಿ ನೆಲೆಯಾಗಿ ವಾಸಿಸಿದ್ದರೆ ಅದು ಕೂಡಿ ಬಾಳಿದ ಮನೆಯೇ. ಹಬ್ಬಕ್ಕೆಂದು ಹೋಗಿ ನಾಲ್ಕು ದಿನ ತಂಗಿದ ನೆಂಟರ ಮನೆ ಅದಾಗದು.

ಒಂದು ಉದಾಹರಣೆಯನ್ನು ಹಿಡಿದು ಮುಂದೆ ಸಾಗೋಣ. ಇದು ಒಬ್ಬರ ಕಥೆಯಲ್ಲ. ನನ್ನ ಮುಂದೆ ಬಂದ ಹಲವು ಪ್ರಕರಣಗಳ ಲಕ್ಷಣಗಳನ್ನು ಕೂಡಿಸಿದ್ದು. ಮದುವೆಯಾಗಿ ಹನ್ನೊಂದು ವರ್ಷ, ಇಬ್ಬರು ಮಕ್ಕಳು. ಮೂರು ಅಂಕಣದ ಮನೆ. ಇ-ಸ್ವತ್ತು ದಾಖಲೆಯಲ್ಲಿ ಅತ್ತೆಯ ಹೆಸರು. ಗಂಡ ಕುಡಿದು ಹೊಡೆಯುತ್ತಾನೆ. ಒಂದು ದಿನ ಆಕೆ ಮಕ್ಕಳೊಂದಿಗೆ ತವರಿಗೆ ಹೋಗಿ ಬರುವಷ್ಟರಲ್ಲಿ ಬಾಗಿಲಿಗೆ ಹೊಸ ಬೀಗ. ತವರು ಬೇರೆ ತಾಲ್ಲೂಕಿನಲ್ಲಿದೆ.

ಆಕೆ ಎಲ್ಲಿ ಅರ್ಜಿ ಸಲ್ಲಿಸಬೇಕು? ತಾತ್ಕಾಲಿಕವಾಗಿ ವಾಸಿಸುತ್ತಿರುವ ತವರಿನ ತಾಲ್ಲೂಕಿನಲ್ಲೂ ಸಲ್ಲಿಸಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅವರು ಕೌಟುಂಬಿಕ ಘಟನಾ ವರದಿಯನ್ನು ಸಿದ್ಧಪಡಿಸಿ ಅರ್ಜಿಗೆ ನೆರವಾಗುತ್ತಾರೆ. ಆ ವರದಿ ಇಲ್ಲದೆಯೂ ಆಕೆಯೇ ನೇರವಾಗಿ ಅರ್ಜಿ ಸಲ್ಲಿಸಬಹುದೆಂದು 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ವಕೀಲರ ಶುಲ್ಕಕ್ಕೆ ಅಂಜಬೇಕಿಲ್ಲ. ಮಹಿಳೆಗೆ ಆದಾಯದ ಮಿತಿಯಿಲ್ಲದೆ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ದೊರೆಯುತ್ತದೆ.

ಅರ್ಜಿಯಲ್ಲಿ ಏನನ್ನು ಕೇಳಬೇಕೆಂಬುದೇ ಮುಖ್ಯ. ಇಲ್ಲಿ ವಕೀಲರೂ ಎಡವುತ್ತಾರೆ. 19ನೆಯ ಪ್ರಕರಣದ ವಾಸದ ಆದೇಶದಲ್ಲಿ ಆಕೆ ಮನೆಯೊಳಗೆ ಮರುಪ್ರವೇಶವನ್ನು, ಒಂದು ಕೋಣೆ ಮತ್ತು ಅಡುಗೆಮನೆ, ಶೌಚಾಲಯಗಳ ಬಳಕೆಯನ್ನು, ತನ್ನ ವಾಸಕ್ಕೆ ಅಡ್ಡಿಪಡಿಸದಂತೆ ನಿರ್ಬಂಧವನ್ನು ಕೇಳಬಹುದು. ಮನೆಯನ್ನು ಮಾರದಂತೆ, ಪರಭಾರೆ ಮಾಡದಂತೆ ತಡೆಯನ್ನೂ ಕೇಳಬಹುದು. ಗಂಡನನ್ನೇ ಮನೆಯಿಂದ ಹೊರಹೋಗುವಂತೆ ಆದೇಶಿಸಲು ಅವಕಾಶವಿದೆ. ಆದರೆ ಅತ್ತೆಯನ್ನಾಗಲಿ, ಬೇರಾವ ಹೆಂಗಸನ್ನಾಗಲಿ ಹೊರಹಾಕುವಂತೆ ಆದೇಶಿಸಲಾಗದು. ಅಲ್ಲಿ ಒಟ್ಟಿಗಿರುವುದು ಸಾಧ್ಯವೇ ಇಲ್ಲವೆಂದಾದರೆ, ಅದೇ ಮಟ್ಟದ ಬೇರೆ ವಸತಿ ಅಥವಾ ಅದರ ಬಾಡಿಗೆಯನ್ನು ಗಂಡನಿಂದ ಕೊಡಿಸಬಹುದು. ಅನೇಕ ವೇಳೆ ಹೆಚ್ಚು ನೆಮ್ಮದಿಯ ದಾರಿ ಇದೇ ಎಂಬುದು ನನ್ನ ಅನುಭವ; ಆದರೆ ಆಯ್ಕೆ ಆಕೆಯದಾಗಿರಬೇಕು, ಊರ ಹಿರಿಯರದಲ್ಲ.

ವಾಸದ ಆದೇಶವೊಂದನ್ನೇ ಕೇಳಿ ಸುಮ್ಮನಾಗಬಾರದು. 18ನೆಯ ಪ್ರಕರಣದಡಿ ಸಂರಕ್ಷಣಾ ಆದೇಶವನ್ನೂ ಜೊತೆಯಲ್ಲೇ ಕೇಳಬೇಕು: ಹಿಂಸೆ ಎಸಗಬಾರದು, ಮಕ್ಕಳ ಶಾಲೆಯ ಬಳಿ ಬಂದು ಪೀಡಿಸಬಾರದು, ಹಾಗೂ ವಾಸಕ್ಕೆ ಅಡ್ಡಿಪಡಿಸುವುದೂ ಹಿಂಸೆಯೇ ಎಂದು ಅದರಲ್ಲಿ ಬರೆಸಬೇಕು. ಕಾರಣವಿಷ್ಟೆ. ಒಂದು ವರ್ಷದವರೆಗೆ ಸೆರೆ ಅಥವಾ ಇಪ್ಪತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುವ 31ನೆಯ ಪ್ರಕರಣವು ಸಂರಕ್ಷಣಾ ಆದೇಶದ ಉಲ್ಲಂಘನೆಯನ್ನು ಹೆಸರಿಸುತ್ತದೆ. ಬರೀ ವಾಸದ ಆದೇಶ ಕೈಯಲ್ಲಿದ್ದಾಗ, ಮತ್ತೆ ಬೀಗ ಬಿದ್ದರೆ, ಠಾಣೆಯಲ್ಲಿ "ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಎಂಬ ಉತ್ತರ ಬರುವ ಸಂಭವವಿದೆ. ಎರಡೂ ಇದ್ದರೆ ಆ ಮಾತು ನಿಲ್ಲದು. ಆ ಅಪರಾಧದಲ್ಲಿ ವಾರಂಟ್ ಇಲ್ಲದೆ ಬಂಧಿಸಬಹುದು, ಜಾಮೀನು ಹಕ್ಕಾಗಿ ದೊರೆಯದು.

ತುರ್ತು ಇದ್ದಾಗ ಎದುರು ಪಕ್ಷಕಾರರನ್ನು ಕೇಳುವ ಮುನ್ನವೇ ಮಧ್ಯಂತರ ಆದೇಶ ನೀಡುವ ಅಧಿಕಾರ 23ನೆಯ ಪ್ರಕರಣದಲ್ಲಿದೆ. ಅದು ನಿಂತಿರುವುದು ಆಕೆಯ ಪ್ರಮಾಣಪತ್ರದ ಮೇಲೆ. "ದೈಹಿಕ ಹಾಗೂ ಮಾನಸಿಕ ಹಿಂಸೆ ನೀಡಿರುತ್ತಾರೆ" ಎಂಬ ಒಂದು ಸಾಲಿನಿಂದ ಯಾವ ನ್ಯಾಯಾಧೀಶರಿಗೂ ಮನವರಿಕೆಯಾಗದು. ಯಾವ ದಿನ, ಯಾರು, ಏನು ಮಾಡಿದರು, ಯಾರು ನೋಡಿದರು, ಯಾವ ಆಸ್ಪತ್ರೆಯ ಚೀಟಿ ಇದೆ, ಬೀಗ ಎಂದು ಬಿತ್ತು ಎಂಬುದನ್ನು ಬರೆಯಬೇಕು. ಮನೆಯ ಸ್ವತ್ತಿನ ಸಂಖ್ಯೆ, ಚಕ್ಕುಬಂದಿ ಇರಬೇಕು. ಗ್ರಾಮದ ಹೆಸರಷ್ಟೇ ಇದ್ದ ಆದೇಶವನ್ನು ಹಿಡಿದು ಪೊಲೀಸರು ಬೀದಿಯಲ್ಲಿ ನಿಂತು ಹಿಂತಿರುಗಿದ್ದುಂಟು. ಬೀಗ ತೆಗೆಸಲು ನೆರವಾಗುವಂತೆ ಠಾಣಾಧಿಕಾರಿಗೆ ನಿರ್ದೇಶನವನ್ನೂ, ಮನೆಯನ್ನು ಆಕೆಯ ವಶಕ್ಕೆ ಮರಳಿಸುವಂತೆ ಸಂರಕ್ಷಣಾಧಿಕಾರಿಗೆ ಲಿಖಿತ ಆದೇಶವನ್ನೂ ಅರ್ಜಿಯಲ್ಲೇ ಕೇಳಬೇಕು; ಕೇಳದಿದ್ದರೆ ಆದೇಶ ಕಾಗದದಲ್ಲೇ ಉಳಿಯುತ್ತದೆ.

ಇಲ್ಲಿ ನಿಮ್ಮ ಪಾತ್ರ ಬರುತ್ತದೆ. ಆಕೆ ಆ ಮನೆಯಲ್ಲಿ ಬಾಳಿದ್ದಳೆಂಬುದಕ್ಕೆ ಸಾಕ್ಷ್ಯ ಬಹುಪಾಲು ನಿಮ್ಮ ಕಪಾಟುಗಳಲ್ಲಿದೆ. ಉದ್ಯೋಗ ಖಾತರಿಯ ಜಾಬ್ ಕಾರ್ಡಿನಲ್ಲಿ ಆಕೆಯ ಹೆಸರು ಅದೇ ಕುಟುಂಬದಲ್ಲಿ ನಮೂದಾಗಿರುತ್ತದೆ. ಅಂಗನವಾಡಿ ದಾಖಲೆಗಳಲ್ಲಿ ಬಾಣಂತನದ, ಮಕ್ಕಳ ವಿವರವಿರುತ್ತದೆ. ಪಡಿತರ ಚೀಟಿ, ಮತದಾರರ ಪಟ್ಟಿ ಇರುತ್ತವೆ. ಪ್ರತಿ ಕೇಳಿದಾಗ ವಿಳಂಬವಿಲ್ಲದೆ ಕೊಡಿ. ಹಿಂಸೆ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ನೀವೇ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಆದರೆ ಪಂಚಾಯಿತಿ ಕಟ್ಟೆಯಲ್ಲಿ ಕೂಡಿಸಿ "ನಾನು ಸ್ವಇಚ್ಛೆಯಿಂದ ಮನೆ ಬಿಟ್ಟಿದ್ದೇನೆ" ಎಂದು ಮುಚ್ಚಳಿಕೆ ಬರೆಸಿಕೊಳ್ಳಬೇಡಿ. ಅಂತಹ ಕಾಗದವನ್ನು ಎದುರು ವಕೀಲರು ಮೊದಲ ವಿಚಾರಣೆಯಲ್ಲೇ ಹಾಜರುಪಡಿಸುತ್ತಾರೆ.

ಅತ್ತೆಮಾವಂದಿರ ಕಡೆಯ ನ್ಯಾಯವನ್ನೂ ಹೇಳದಿದ್ದರೆ ಈ ಮಾತು ಅಪೂರ್ಣ. ವಾಸದ ಹಕ್ಕು ಒಡೆತನವಲ್ಲ. ಆಕೆಗೆ ಪಾಲು ಸಿಗುವುದಿಲ್ಲ, ಖಾತೆ ಬದಲಾಗುವುದಿಲ್ಲ. 2020ರ ಅಕ್ಟೋಬರ್ ತೀರ್ಪೇ, ಇದು ಎಂದಿಗೂ ಕದಲದ ಹಕ್ಕಲ್ಲ, ಇಳಿವಯಸ್ಸಿನ ಅತ್ತೆಮಾವಂದಿರ ನೆಮ್ಮದಿಯನ್ನೂ ತೂಗಿ ನೋಡಬೇಕು ಎಂದಿದೆ. ಮಾಲೀಕರು ಸಿವಿಲ್ ದಾವೆ ಹೂಡಬಹುದು. ಆದರೆ ಒಂದು ಅಡ್ಡದಾರಿ ಬಳಕೆಯಲ್ಲಿದೆ. ಹಿರಿಯ ನಾಗರಿಕರ ಪೋಷಣೆಯ 2007ರ ಅಧಿನಿಯಮದಡಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಸೊಸೆಯನ್ನು ತೆರವುಗೊಳಿಸುವುದು. ಬೆಂಗಳೂರು ನಗರ ಜಿಲ್ಲೆಯದೇ ಒಂದು ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಗಂಡ ಕೊಂಡಿದ್ದ ಮನೆಯನ್ನು ತನ್ನ ತಂದೆಗೆ ಮಾರಿದ್ದ. ತಂದೆ ಅದನ್ನು ತನ್ನ ಹೆಂಡತಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಬಳಿಕ ಸೊಸೆಯ ತೆರವಿಗೆ ಆದೇಶವಾಗಿ, ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿತ್ತು. 2020ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿ, ಎರಡೂ ಕಾನೂನುಗಳನ್ನು ಹೊಂದಿಸಿ ಓದಬೇಕು, ಒಂದನ್ನು ಹಿಡಿದು ಇನ್ನೊಂದರ ಹಕ್ಕನ್ನು ಅಳಿಸಲಾಗದು ಎಂದಿತು. ಸೊಸೆ 2005ರ ಅಧಿನಿಯಮದಡಿ ಪರಿಹಾರ ಪಡೆಯಲು ಒಂದು ವರ್ಷ ಕಾಲಾವಕಾಶವನ್ನು ನೀಡಿ, ಅಷ್ಟು ಕಾಲ ಬಲವಂತದ ತೆರವನ್ನೂ ಪರಭಾರೆಯನ್ನೂ ತಡೆಯಿತು.

ಆ ಪ್ರಕರಣದಲ್ಲಿ ಮನೆ ಕೈಯಿಂದ ಕೈಗೆ ಸಾಗಿದ ಬಗೆಯನ್ನು ಗಮನಿಸಿದಿರಲ್ಲವೇ? ನಮ್ಮ ಉದಾಹರಣೆಯಲ್ಲೂ ನೋಟಿಸ್ ತಲುಪಿದ ಮರುದಿನವೇ ಅತ್ತೆ ಮನೆಯನ್ನು ಮಗಳ ಹೆಸರಿಗೆ ದಾನಪತ್ರ ಮಾಡಲು ಹೊರಡಬಹುದು. ಆದ್ದರಿಂದ ಪರಭಾರೆ ತಡೆಯುವ ಆದೇಶದಲ್ಲಿ ಅತ್ತೆಯೂ ಪ್ರತಿವಾದಿಯಾಗಿರಬೇಕು. ಹೆಂಗಸನ್ನು ಪ್ರತಿವಾದಿಯಾಗಿಸಲು ಇದ್ದ ಅಡ್ಡಿಯನ್ನು 2016ರಲ್ಲೇ ಸರ್ವೋಚ್ಚ ನ್ಯಾಯಾಲಯ ತೆಗೆದುಹಾಕಿದೆ. ಆದೇಶದ ಪ್ರತಿಗಳು ನ್ಯಾಯಾಲಯದಿಂದ ಉಚಿತವಾಗಿ ದೊರೆಯುತ್ತವೆ. ಒಂದನ್ನು ಉಪನೋಂದಣಾಧಿಕಾರಿಗಳ ಕಚೇರಿಗೆ, ಒಂದನ್ನು ಗ್ರಾಮ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯುವಂತೆ ಆಕೆಗೆ ತಿಳಿಸಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಅಂತಹ ಪ್ರತಿಯನ್ನು ಟಪಾಲಿನಲ್ಲಿ ಬಿಡದೆ, ಆ ಸ್ವತ್ತಿನ ಕಡತದಲ್ಲೇ ಸೇರಿಸಿ, ಖಾತೆ ಬದಲಾವಣೆಯ ಅರ್ಜಿ ಬಂದ ದಿನ ಅದನ್ನು ಮೊದಲು ತೆರೆದು ನೋಡಬೇಕೆಂದು ವಿನಂತಿಸುತ್ತೇನೆ.