ಸರಬರಾಜುದಾರರ ನೋಂದಣಿ: ಪ್ರಮಾಣಿತ ಕಾರ್ಯವಿಧಾನವನ್ನು ಹಂತ ಹಂತವಾಗಿ ಬರೆಯುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಒಂದು ಗ್ರಾಮ ಪಂಚಾಯಿತಿಯ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಹತ್ತಿರದ ಪಟ್ಟಣದ ಸಣ್ಣ ಅಂಗಡಿಯೊಂದು ಮಾರ್ಚ್ ತಿಂಗಳಿನಲ್ಲಿ ಆ ಪಂಚಾಯಿತಿಯ ಎರಡು ಕೊಳವೆ ಬಾವಿಗಳ ಮೋಟಾರುಗಳನ್ನು ಮೇಲೆತ್ತಿ, ವೈಂಡಿಂಗ್ ಮಾಡಿ, ಮರಳಿ ಇಳಿಸಿತು. 38,400 ರೂಪಾಯಿಗಳ ಬಿಲ್ಲಿಗೆ ಸಭೆಯ ಅನುಮೋದನೆಯೂ ದೊರೆಯಿತು. ಆದರೆ ಬ್ಯಾಂಕ್ ವಿವರ ಸರಿಹೊಂದದೆ ಹಣ ಅಂಗಡಿಗೆ ತಲುಪಲಿಲ್ಲ. ಅಷ್ಟರಲ್ಲಿ ಪಿಡಿಒ ಅವರಿಗೆ ವರ್ಗಾವಣೆಯಾಯಿತು. ಕಡತ ಹಾಗೆಯೇ ಉಳಿಯಿತು. ಮೇ ತಿಂಗಳಿನಲ್ಲಿ ಮೂರನೆಯ ಮೋಟಾರು ಸುಟ್ಟುಹೋದಾಗ, ಹಳೆಯ ಬಾಕಿ ಬಾರದೆ ಕೆಲಸಕ್ಕೆ ಬರಲಾಗದೆಂದು ಅಂಗಡಿಯವರು ತಿಳಿಸಿದರು. ಒಂದು ಕೇರಿಯ ಜನ ಐದು ದಿನ ಕೊಡ ಹಿಡಿದು ಅಲೆಯಬೇಕಾಯಿತು.

ದೋಷವಿದ್ದುದು ಬಿಲ್ಲಿನಲ್ಲಲ್ಲ, ನೋಂದಣಿಯಲ್ಲಿ. ಅಂಗಡಿಯವರು ಕೊಟ್ಟಿದ್ದ ಪಾಸ್‌ಪುಸ್ತಕದ ನಕಲು ಸಿಂಡಿಕೇಟ್ ಬ್ಯಾಂಕಿನ ಕಾಲದ್ದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು. `SYNB` ಎಂದು ಆರಂಭವಾಗುವ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ಚಾಲ್ತಿಯಲ್ಲಿಲ್ಲ.

ಆ ಪಂಚಾಯಿತಿಯಲ್ಲಿ ಪ್ರಮಾಣಿತ ಕಾರ್ಯವಿಧಾನ ಇರಲಿಲ್ಲವೆಂದಲ್ಲ. ಅದರ ನಾಲ್ಕನೆಯ ಹಂತದಲ್ಲಿ “ಸರಬರಾಜುದಾರರ ಬ್ಯಾಂಕ್ ವಿವರಗಳನ್ನು ಸೂಕ್ತವಾಗಿ ಪರಿಶೀಲಿಸತಕ್ಕದ್ದು” ಎಂದು ಬರೆದಿತ್ತು. ಅದರ ಮುಂದೆ “ಪರಿಶೀಲಿಸಲಾಗಿದೆ” ಎಂಬ ಸಹಿಯೂ ಇತ್ತು. ಆದರೆ ಯಾರು ಪರಿಶೀಲಿಸಬೇಕು, ಯಾವ ಕಾಗದವನ್ನು ಯಾವುದರೊಡನೆ ಹೋಲಿಸಬೇಕು, ಹೊಂದದಿದ್ದರೆ ಏನು ಮಾಡಬೇಕು ಎಂಬುದು ಅಲ್ಲಿರಲಿಲ್ಲ. ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ವಾಕ್ಯವು ಸಂಖ್ಯೆ ಹೊತ್ತಿದ್ದರೂ ಹಂತವಾಗುವುದಿಲ್ಲ. ಅದು ಕೇವಲ ಸದಾಶಯ. “ಸೂಕ್ತವಾಗಿ”, “ಅಗತ್ಯವಿದ್ದಲ್ಲಿ”, “ನಿಯಮಾನುಸಾರ” ಎಂಬ ಪದಗಳು ಕಂಡಲ್ಲೆಲ್ಲ ಒಂದು ಹಂತ ಅಪೂರ್ಣವಾಗಿದೆಯೆಂದೇ ತಿಳಿಯಬೇಕು.

ಬರೆಯುವ ಮುನ್ನ ಮೇರೆಯನ್ನು ಗುರುತಿಸಿಕೊಳ್ಳುವುದು ಅವಶ್ಯ. ಯಾರಿಂದ ಖರೀದಿಸಬೇಕು, ಯಾವ ದರಕ್ಕೆ ಎಂಬುದು ಖರೀದಿ ನಿಯಮಗಳಿಗೆ ಸೇರಿದ ಬೇರೆ ವಿಷಯ. ಈ ಕಾರ್ಯವಿಧಾನವು ಸರಬರಾಜುದಾರರ ಅರ್ಜಿ ಕಚೇರಿಗೆ ಬಂದಾಗ ಆರಂಭವಾಗಿ, ಅವರ ಹೆಸರು ಪಾವತಿಗೆ ಸಿದ್ಧವಾದಾಗ ಮುಗಿಯುತ್ತದೆ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ ಯಾರೂ ಕೊನೆಯವರೆಗೆ ಓದುವುದಿಲ್ಲ. ಆ ಪಂಚಾಯಿತಿಯ ಕಾರ್ಯವಿಧಾನವನ್ನು ತಿದ್ದಿ ಬರೆದರೆ ಹೀಗಾಗುತ್ತದೆ:

1. ಡಾಟಾ ಎಂಟ್ರಿ ಆಪರೇಟರ್ ಅವರು ಅರ್ಜಿ, ಪ್ಯಾನ್ ನಕಲು, ಜಿಎಸ್‌ಟಿ ನೋಂದಣಿ ಪತ್ರ, ರದ್ದುಗೊಳಿಸಿದ ಚೆಕ್ ಮತ್ತು ಹಿತಾಸಕ್ತಿ ಘೋಷಣೆ ಈ ಐದನ್ನೂ ಪಡೆದು ಸ್ವೀಕೃತಿ ನೀಡತಕ್ಕದ್ದು. ಜಿಎಸ್‌ಟಿ ನೋಂದಣಿ ಇಲ್ಲದವರಿಂದ ಆ ಬಗ್ಗೆ ಲಿಖಿತ ಹೇಳಿಕೆ ಪಡೆಯತಕ್ಕದ್ದು. ಒಂದು ಕಾಗದ ಕಡಿಮೆಯಿದ್ದರೂ ಅರ್ಜಿಯನ್ನು ಕೊರತೆ ಪಟ್ಟಿಯೊಡನೆ ಹಿಂದಿರುಗಿಸತಕ್ಕದ್ದು.

2. ಪಿಡಿಒ ಅವರು ಹಿತಾಸಕ್ತಿ ಘೋಷಣೆಯನ್ನು ಓದತಕ್ಕದ್ದು. ಪಂಚಾಯಿತಿಯ ಸದಸ್ಯರಿಗೆ ಆ ಅಂಗಡಿಯಲ್ಲಿ ಪಾಲು ಇದ್ದರೆ ನೋಂದಣಿಯನ್ನು ಇಲ್ಲಿಯೇ ನಿಲ್ಲಿಸತಕ್ಕದ್ದು.

3. ಕಾರ್ಯದರ್ಶಿಯವರು ಜಿಎಸ್‌ಟಿ ಜಾಲತಾಣದ `Search Taxpayer` ಪುಟದಲ್ಲಿ ಸಂಖ್ಯೆಯನ್ನು ನಮೂದಿಸಿ, ಸ್ಥಿತಿ `Active` ಎಂದಿರುವುದನ್ನು ನೋಡಿ, ಪುಟದ ಮುದ್ರಿತ ಪ್ರತಿಯನ್ನು ಕಡತಕ್ಕೆ ಸೇರಿಸತಕ್ಕದ್ದು. `Cancelled` ಎಂದಿದ್ದರೆ ಮುಂದುವರಿಯತಕ್ಕದ್ದಲ್ಲ.

4. ಕಾರ್ಯದರ್ಶಿಯವರು ರದ್ದುಗೊಳಿಸಿದ ಚೆಕ್ಕಿನಲ್ಲಿ ಮುದ್ರಿತವಾಗಿರುವ ಹೆಸರನ್ನು ಪ್ಯಾನ್‌ನ ಹೆಸರಿನೊಡನೆ ಹಾಗೂ ಜಿಎಸ್‌ಟಿ ಪುಟದ ಹೆಸರುಗಳೊಡನೆ ಹೋಲಿಸಿ, ಚೆಕ್ಕಿನ ಐಎಫ್‌ಎಸ್‌ಸಿ ಚಾಲ್ತಿಯಲ್ಲಿದೆಯೇ ಎಂದು ಬ್ಯಾಂಕ್ ಶಾಖೆಯಲ್ಲಿ ವಿಚಾರಿಸತಕ್ಕದ್ದು. ಎರಡರಲ್ಲಿ ಯಾವುದು ಹೊಂದದಿದ್ದರೂ ಬ್ಯಾಂಕಿನ ಪತ್ರ ಬರುವವರೆಗೆ ಕಡತವನ್ನು ತಡೆಹಿಡಿಯತಕ್ಕದ್ದು.

5. ಡಾಟಾ ಎಂಟ್ರಿ ಆಪರೇಟರ್ ಅವರು ವಿವರಗಳನ್ನು ಗಣಕಯಂತ್ರದಲ್ಲಿ ದಾಖಲಿಸತಕ್ಕದ್ದು.

6. ದಾಖಲಿಸದೆ ಇರುವ ಮತ್ತೊಬ್ಬ ಸಿಬ್ಬಂದಿ, ಚೆಕ್ಕನ್ನು ಕೈಯಲ್ಲಿ ಹಿಡಿದು, ಖಾತೆ ಸಂಖ್ಯೆಯ ಒಂದೊಂದು ಅಂಕಿಯನ್ನೂ ಪರದೆಯೊಡನೆ ಹೋಲಿಸಿ ಸಹಿ ಮಾಡತಕ್ಕದ್ದು.

7. ಪಿಡಿಒ ಅವರು ಅನುಮೋದಿಸಿ, ದಿನಾಂಕ ನಮೂದಿಸಿ, ಸರಬರಾಜುದಾರರಿಗೆ ಲಿಖಿತವಾಗಿ ತಿಳಿಸತಕ್ಕದ್ದು.

ಎರಡನೆಯ ಹಂತವು ಸದಸ್ಯರ ಸ್ಥಾನಕ್ಕೇ ಸಂಬಂಧಿಸಿದ್ದು. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದಡಿ, ತಮ್ಮದೇ ಪಂಚಾಯಿತಿಯ ಕಾಮಗಾರಿ ಅಥವಾ ಗುತ್ತಿಗೆಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಿತಾಸಕ್ತಿ ಹೊಂದಿರುವುದು ಸದಸ್ಯತ್ವದ ಅನರ್ಹತೆಗೆ ಕಾರಣವಾಗಬಲ್ಲದು. ಆದುದರಿಂದಲೇ ಇದು ಕೊನೆಯಲ್ಲಿರದೆ ಆರಂಭದಲ್ಲಿದೆ.

ಮೂರನೆಯ ಹಂತದಲ್ಲಿ ಸಂಖ್ಯೆಯನ್ನು ಓದುವ ಬಗೆಯನ್ನು ಒಂದು ಮಾದರಿಯೊಡನೆ ತೋರಿಸಿದರೆ ಹೊಸಬರಿಗೂ ಸುಲಭ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರಾಂಕಗಳಿರುತ್ತವೆ. `29ABCDE1234F1Z5` ಎಂಬ ಮಾದರಿಯಲ್ಲಿ ಮೊದಲ 29 ಕರ್ನಾಟಕದ ಸಂಕೇತ. ಅನಂತರದ ಹತ್ತು, ಅಂದರೆ `ABCDE1234F`, ಪ್ಯಾನ್. ಅದು ಪ್ಯಾನ್ ನಕಲಿನಲ್ಲಿರುವುದಕ್ಕೆ ಹೊಂದದಿದ್ದರೆ ಎರಡು ಕಾಗದಗಳು ಬೇರೆ ಬೇರೆಯವರವು. ಅದೇ ಪುಟದಲ್ಲಿ ಸರಬರಾಜುದಾರರು `Composition` ವರ್ಗದವರೆಂದು ಕಂಡುಬಂದರೆ ಅದನ್ನು ಕಡತದ ಮೇಲೆ ಬರೆದಿಡಬೇಕು. ಅಂತಹವರು ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿ ವಸೂಲು ಮಾಡುವಂತಿಲ್ಲ. ಇದನ್ನು ಗಮನಿಸದೆ ತೆರಿಗೆ ಸಹಿತ ಪಾವತಿಸಿದರೆ ಆ ಮೊತ್ತಕ್ಕೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ.

ನೋಂದಣಿಯಾದ ಮೇಲೆಯೂ ಒಂದು ಅಪಾಯ ಉಳಿಯುತ್ತದೆ. “ನಮ್ಮ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಣ ಹಾಕಿ” ಎಂಬ ಪತ್ರ ಯಾರಿಂದಲೂ ಬರಬಹುದು. ಪತ್ರದಲ್ಲಿರುವ ದೂರವಾಣಿ ಸಂಖ್ಯೆಗೇ ಕರೆ ಮಾಡಿ ವಿಚಾರಿಸಿದರೆ, ಪತ್ರ ಬರೆದ ವಂಚಕನೇ ಹೌದೆನ್ನುತ್ತಾನೆ. ಆದ್ದರಿಂದ ಖಾತೆ ಬದಲಾವಣೆಗೆ ಮೊದಲ ಅರ್ಜಿಯಲ್ಲಿದ್ದ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡು, 4ರಿಂದ 7ರವರೆಗಿನ ಹಂತಗಳನ್ನು ಮತ್ತೆ ನಡೆಸಬೇಕೆಂದು ಎಂಟನೆಯ ಹಂತವಾಗಿ ಸೇರಿಸಬೇಕು.

ಬರೆದ ಕಾರ್ಯವಿಧಾನ ಸರಿಯಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಈ ಕೆಲಸವನ್ನು ಎಂದೂ ಮಾಡದ ಸಿಬ್ಬಂದಿಯ ಕೈಗೆ, ಕರವಸೂಲಿಗಾರರಾದರೂ ಸರಿ, ಕಾಗದವನ್ನು ಕೊಟ್ಟು ಒಬ್ಬ ನಿಜವಾದ ಸರಬರಾಜುದಾರರ ಅರ್ಜಿಯನ್ನು ಮುಂದಿಡಬೇಕು. ಬರೆದವರು ಪಕ್ಕದಲ್ಲಿ ಕುಳಿತು ಏನನ್ನೂ ಹೇಳಿಕೊಡಬಾರದು. ಅವರು ಕೇಳುವ ಪ್ರತಿ ಪ್ರಶ್ನೆಯೂ ಬಿಟ್ಟುಹೋದ ಒಂದು ಮಾತು. ಆ ಉತ್ತರವನ್ನು ಕಾಗದಕ್ಕೆ ಸೇರಿಸಬೇಕು. ಆ ಪಂಚಾಯಿತಿಯಲ್ಲಿ ಈ ಪರೀಕ್ಷೆ ನಡೆದಿದ್ದರೆ, “ಈ ಪಾಸ್‌ಪುಸ್ತಕದ ಬ್ಯಾಂಕು ಈಗ ಎಲ್ಲಿದೆ?” ಎಂಬ ಪ್ರಶ್ನೆ ಮೊದಲ ದಿನವೇ ಎದ್ದಿರುತ್ತಿತ್ತು.

ಕಾಗದದ ತಲೆಬರಹದಲ್ಲಿ ಜಾರಿಯಾದ ದಿನಾಂಕವೂ, ತಿದ್ದುವ ಅಧಿಕಾರ ಯಾರದೆಂಬುದೂ ಇರಬೇಕು. ಹೊಸ ಪ್ರತಿ ಬಂದೊಡನೆ ಗೋಡೆಯ ಮೇಲಿನ ಹಳೆಯದನ್ನು ತೆಗೆಯಬೇಕು.

ಇದರಲ್ಲಿ ಸದಸ್ಯರ ಪಾತ್ರವೂ ಸ್ಪಷ್ಟವಾಗಿದೆ. ಮುಂದಿನ ಸಾಮಾನ್ಯ ಸಭೆಯಲ್ಲಿ, ಕೊನೆಯದಾಗಿ ನೋಂದಣಿಯಾದ ಸರಬರಾಜುದಾರರ ಕಡತವನ್ನೂ ಕಾರ್ಯವಿಧಾನವನ್ನೂ ಪಕ್ಕಪಕ್ಕದಲ್ಲಿಟ್ಟು, ಪ್ರತಿ ಹಂತಕ್ಕೂ ಒಂದು ಕಾಗದ ಅಥವಾ ಒಂದು ಸಹಿ ಇದೆಯೇ ಎಂದು ನೋಡಬಹುದು. ಯಾವ ಹಂತಕ್ಕೆ ಕುರುಹು ಸಿಗುವುದಿಲ್ಲವೋ, ಆ ಹಂತ ನಡೆದಿಲ್ಲ ಅಥವಾ ಅದನ್ನು ನಡೆಸುವಂತೆ ಬರೆದಿಲ್ಲ. ಎರಡರಲ್ಲಿ ಯಾವುದೆಂದು ಅದೇ ಸಭೆಯಲ್ಲಿ ತೀರ್ಮಾನಿಸಿ ನಡವಳಿಯಲ್ಲಿ ದಾಖಲಿಸುವುದು ಉಚಿತ.