ಗೋಡೆ ಬೀಳೋದು ಒಂದು ದಿನದಲ್ಲಲ್ಲ

ಶೃಂಗೇರಿಗೆ ಹೋದವರೆಲ್ಲ ತುಂಗೆಯ ದಡದ ವಿದ್ಯಾಶಂಕರ ದೇವಸ್ಥಾನ ನೋಡಿರ್ತೀರಿ. 14ನೇ ಶತಮಾನದ ಕಲ್ಲಿನ ಗುಡಿ. ಕೇಂದ್ರದ ರಕ್ಷಣೆಯಲ್ಲಿರುವ ಇಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಇದು ಕಾನೂನು. ಆದರೆ ಕೊಪ್ಪ, ನರಸಿಂಹರಾಜಪುರದ ಕಡೆ ಯಾವ ಪಟ್ಟಿಯಲ್ಲೂ ಇಲ್ಲದ ಹಳೇ ಗುಡಿಗಳು, ಕಲ್ಲು-ಮಣ್ಣಿನ ಮನೆಗಳು ಇವೆಯಲ್ಲ, ಅವುಗಳ ಪಕ್ಕ ಜೆಸಿಬಿ ಬಂದು ನಿಂತರೆ ಕಾಯೋರು ಯಾರು? ಅಲ್ಲಿ ಕಾಯೋದು ಒಂದು ಕಾಗದ. ಅಳತೆಯ ಯೋಜನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸುಣ್ಣದ ಗಾರೆಯ ಹಳೇ ಗುಡಿ. ಅದರ ಗೋಡೆಯಿಂದ 2 ಮೀಟರ್ ದೂರದಲ್ಲಿ ರಸ್ತೆಯ ಚರಂಡಿಗೆ ಎರಡೂವರೆ ಮೀಟರ್ ಆಳ ಅಗೀಬೇಕು. ಗೋಡೆಯ ಪಾಯ ಇರೋದು ಒಂದೇ ಮೀಟರ್ ಆಳ. ಅಂದ್ರೆ ಪಾಯದ ಕೆಳಗಿನ ಮಣ್ಣಿಗೆ ಪಕ್ಕದಿಂದ ಸಿಗ್ತಿದ್ದ ಆಸರೆ ಹೋಗುತ್ತೆ. ಮೇಲೆ ಗಟ್ಟಿ ಜಂಬಿಟ್ಟಿಗೆ ಇದ್ದು, ಕೆಳಗೆ ಶೇಡಿ ಮಣ್ಣು ಸಿಕ್ಕಿತು ಅಂದ್ರೆ ಮಳೆ ನೀರು ಸೇರಿದ ಕೂಡಲೇ ಅದು ಜಾರಿ ಗುಂಡಿಗೆ ಬರುತ್ತೆ.

ಹಾಗಾದ್ರೆ ಮೊದಲು ಏನು ಮಾಡಬೇಕು? ಅಗೆಯೋದಲ್ಲ, ಅಳೆಯೋದು. ಗೋಡೆಗೆ ಆರು ಮೀಟರಿಗೊಂದರಂತೆ ಗುರುತಿನ ಬೋಲ್ಟ್ ಕೂರಿಸಿ, ಕೆಲಸ ಮುಟ್ಟದಷ್ಟು ದೂರದ ಗಟ್ಟಿ ಜಾಗವೊಂದನ್ನು ಆಧಾರವಾಗಿಟ್ಟು, ಕೆಲವು ವಾರ ಮಟ್ಟ ನೋಡಬೇಕು. ಇರುವ ಬಿರುಕುಗಳ ಫೋಟೋ ತಾರೀಖಿನ ಸಮೇತ ತೆಗೀಬೇಕು. ಯಾಕಂದ್ರೆ ಗೋಡೆ ಬಿಸಿಲು ಮಳೆಗೆ ತಾನಾಗಿಯೇ ಸ್ವಲ್ಪ ಅಲುಗಾಡುತ್ತೆ. ಆ ಸಹಜ ಅಲುಗಾಟ ಗೊತ್ತಿಲ್ಲದಿದ್ರೆ, ನಾಳೆ ಕಾಣೋ ಬಿರುಕು ಚರಂಡಿಯದ್ದೋ, ಅಜ್ಜನ ಕಾಲದ್ದೋ ಅಂತ ಜಗಳವಷ್ಟೇ ಉಳಿಯುತ್ತೆ.

ಆಮೇಲೆ ಎರಡು ಗೆರೆ ಎಳೀಬೇಕು. ಮೊದಲನೆಯದು ಎಚ್ಚರಿಕೆಯ ಮಟ್ಟ, ಎರಡನೆಯದು ಕ್ರಮದ ಮಟ್ಟ. ನಮ್ಮ ಗುಡಿಯಲ್ಲಿ ಅಕ್ಕಪಕ್ಕದ ಎರಡು ಬೋಲ್ಟ್‌ಗಳ ನಡುವೆ ಇಳಿತದ ವ್ಯತ್ಯಾಸ 3 ಮಿಲಿಮೀಟರ್ ಆದ್ರೆ ಎಚ್ಚರಿಕೆ, 6 ಆದ್ರೆ ಕ್ರಮ ಅಂತ ಇಡೋಣ. ನೆನಪಿಡಿ, ಇಡೀ ಗೋಡೆ ಒಂದೇ ಸಮ ಇಳಿದರೆ ಹಾನಿ ಕಡಿಮೆ. ಒಂದು ಮೂಲೆ ಇಳಿದು ಇನ್ನೊಂದು ನಿಂತಾಗಲೇ ಕಲ್ಲು ಬಾಯಿ ಬಿಡೋದು.

ಕಂಪನದ ಲೆಕ್ಕ ಬೇರೆ. ಪಾಯದ ಬಳಿ ಇಟ್ಟ ಜಿಯೋಫೋನ್, ನೆಲ ಎಷ್ಟು ವೇಗವಾಗಿ ಅದುರಿತು ಅಂತ ಹೇಳುತ್ತೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ, ಐತಿಹಾಸಿಕ ಕಟ್ಟಡಕ್ಕೆ ನಿಧಾನದ ಅದುರಾಟದಲ್ಲಿ, ಅಂದ್ರೆ ಸೆಕೆಂಡಿಗೆ 8 ಸಲಕ್ಕಿಂತ ಕಡಿಮೆ ಅದುರಿದಾಗ, ಸೆಕೆಂಡಿಗೆ 2 ಮಿಲಿಮೀಟರ್ ಮಿತಿ ಹಾಕಿದೆ. ಅದು ಬಂಡೆ ಸ್ಫೋಟಕ್ಕೆ ಅಂತ ಮಾಡಿದ ಮಿತಿ. ರೋಲರ್ ಗಂಟೆಗಟ್ಟಲೆ ಅದುರಿಸುತ್ತೆ. ಅದಕ್ಕೆ ನಮ್ಮ ಯೋಜನೆಯಲ್ಲಿ 2ನ್ನು ಎಲ್ಲಾ ಅದುರಾಟಕ್ಕೂ ಕ್ರಮದ ಮಟ್ಟ ಅಂತಿಟ್ಟು, ಒಂದೂವರೆಗೇ ಎಚ್ಚರಿಕೆ ಕೊಡೋಣ.

ಈಗ ಅಸಲಿ ಮಾತು. ರೋಲರ್ ಬಂದ್ ಮಾಡಿದರೆ ಕಂಪನ ಆ ಕ್ಷಣಕ್ಕೇ ನಿಲ್ಲುತ್ತೆ. ಕುಸಿತ ಹಾಗಲ್ಲ, ಅಗೆತ ನಿಲ್ಲಿಸಿದ ಮೇಲೂ ಮಣ್ಣು ಇಳೀತಾನೇ ಇರುತ್ತೆ. ಅದಕ್ಕೇ ಕ್ರಮದ ಗೆರೆಯನ್ನು ಬಿರುಕು ಬರೋ ಮಟ್ಟಕ್ಕಿಂತ ಬಹಳ ಕೆಳಗೆ ಎಳೀಬೇಕು. ಬಿರುಕು ಕಂಡ ಮೇಲೆ ನಿಲ್ಲಿಸ್ತೀವಿ ಅನ್ನೋದು ಯೋಜನೆ ಅಲ್ಲ.

ನಾಲ್ಕನೇ ದಿನ ಮಳೆ ಬಂತು, ವ್ಯತ್ಯಾಸ 3.4 ಆಯ್ತು ಅನ್ನಿ. ಎಚ್ಚರಿಕೆ ದಾಟಿತು. ಆಗ ದಿನಕ್ಕೊಂದು ಸಲ ನೋಡ್ತಿದ್ದ ಮಟ್ಟವನ್ನು ನಾಲ್ಕು ಸಲ ನೋಡಬೇಕು, ಎಂಜಿನಿಯರ್ ಸ್ಥಳಕ್ಕೆ ಬರಬೇಕು. ಉದ್ದಕ್ಕೂ ಅಗೆಯೋದು ಬಿಟ್ಟು ಮೂರು ಮೂರು ಮೀಟರ್ ಅಗೆದು, ಹಲಗೆ ಆಸರೆ ಕೊಟ್ಟು, ಚರಂಡಿ ಕಟ್ಟಿ, ಮುಚ್ಚಿ ಮುಂದೆ ಹೋಗಬೇಕು. ಆದರೂ 6 ಮುಟ್ಟಿತಾ? ಕೆಲಸ ಬಂದ್. ಮರಳಿನ ಚೀಲ ತುಂಬಿ ಗುಂಡಿಗೆ ಆಸರೆ ಕೊಡಬೇಕು. ಎರಡು ಮೂರು ದಿನ ಅಳತೆ ಅಲುಗದೆ ನಿಲ್ಲೋವರೆಗೆ ಗುದ್ದಲಿ ಮುಟ್ಟೋ ಹಾಗಿಲ್ಲ.

ಅಳತೆ ಪುಸ್ತಕ ನಿಮ್ಮ ಕೈಗೆ ಬಂದರೆ ಎರಡು ವಿಷಯ ನೋಡಿ. ಎಲ್ಲಾ ಬೋಲ್ಟ್‌ಗಳೂ ಒಂದೇ ದಿನ ಒಂದೇ ಅಳತೆ ಇಳಿದಿದ್ದರೆ, ಮೊದಲು ಗುಡಿಯನ್ನಲ್ಲ, ಆಧಾರದ ಗುರುತನ್ನೇ ಅನುಮಾನಿಸಿ. ಪ್ರತಿ ದಿನವೂ ಸೊನ್ನೆ ಅಂತಿದ್ದರೆ, ಅದನ್ನು ಗೋಡೆಯ ಹತ್ತಿರ ಬರೆದಿಲ್ಲ, ಎಲ್ಲೋ ಕೂತು ಬರೆದಿದ್ದಾರೆ! ಉಪಕರಣಕ್ಕೇ ಅರ್ಧ ಮಿಲಿಮೀಟರಿನ ಏರಿಳಿತ ಇರುತ್ತೆ ಸ್ವಾಮಿ.

ಕೊನೆಗೆ ಒಂದೇ ಪ್ರಶ್ನೆ. 6 ಮಿಲಿಮೀಟರ್ ಆದಾಗ "ನಿಲ್ಸಿ" ಅನ್ನೋ ಅಧಿಕಾರ ಯಾರಿಗಿದೆ? ಅಳತೆ ತೆಗೆಯೋ ಹುಡುಗನಿಗೆ ಗುತ್ತಿಗೆದಾರನೇ ಸಂಬಳ ಕೊಡೋದಾದ್ರೆ, ಅವನು ಹೇಳಿದ್ರೂ ಕೇಳೋರಿಲ್ಲ. ಅಧಿಕಾರ ಇರುವವರ ಹೆಸರು, ಫೋನ್ ನಂಬರ್ ಯೋಜನೆಯ ಮೊದಲ ಪುಟದಲ್ಲೇ ಇರಬೇಕು. ನಿಮ್ಮೂರಿನ ಹಳೇ ಗೋಡೆ ಪಕ್ಕ ಜೆಸಿಬಿ ಬಂದಾಗ ಆ ಪುಟ ತೋರಿಸಿ ಅಂತ ಕೇಳಿ. ಅಗೆಯೋ ಮೊದಲೇ ಕೇಳಿ.