ವಾಕ್ಯ ಎಲ್ಲಿ ಕೂಡಬೇಕು, ಎಲ್ಲಿ ನಿಲ್ಲಬೇಕು



ಸಂಯೋಜಿತ ವಾಕ್ಯ, ಮಿಶ್ರ ವಾಕ್ಯಗಳ ವ್ಯಾಖ್ಯೆ ನಮ್ಮ ಮಕ್ಕಳಿಗೆ ಬಾಯಿಪಾಠ. ಆದರೆ ಪ್ರಬಂಧ ಬರೆಯಲು ಕೂತರೆ ಒಂದೋ ತುಂಡು ತುಂಡು ವಾಕ್ಯಗಳು, ಇಲ್ಲವೇ ಪುಟ ಮುಗಿದರೂ ಮುಗಿಯದ ಒಂದೇ ವಾಕ್ಯ. ಇದಕ್ಕೆ ಕಾರಣ ಹುಡುಕುವುದು ಈ ವಿಚಾರ ಸಂಕಿರಣದ ಆಶಯ.

ಮಹದೇಶ್ವರನ ಕಥೆ ಹಾಡುವ ಕಂಸಾಳೆಯವರು ಮಾತು ಎಲ್ಲಿ ಮುಗಿಯಿತೆಂಬುದನ್ನು ದನಿಯಲ್ಲಿ, ತಾಳದಲ್ಲಿ ತಿಳಿಸುತ್ತಾರೆ. ಮನೆಯ ಮಾತಿನಲ್ಲೂ ಉಸಿರು, ಮುಖಭಾವ ಆ ಕೆಲಸ ಮಾಡುತ್ತವೆ. ಕಾಗದದ ಮೇಲೆ ಅವೆಲ್ಲವೂ ಹೋಗಿ, ಉಳಿಯುವುದು ವಿರಾಮ ಚಿಹ್ನೆಗಳು, ಕೂಡಿಸುವ ಪದಗಳು ಮತ್ತು ಕ್ರಿಯಾಪದದ ರೂಪಗಳು ಮಾತ್ರ.

ರೇಷ್ಮೆ ಸಾಕುವ ಮನೆಯ ಹುಡುಗಿಯೊಬ್ಬಳು ಹೀಗೆ ಬರೆದಳೆಂದುಕೊಳ್ಳೋಣ: "ಹುಳು ಚಂದ್ರಿಕೆಗೆ ಬಂತು ಮಳೆ ಹಿಡಿಯಿತು ಗೂಡು ಚೆನ್ನಾಗಿ ಬರಲಿಲ್ಲ ಅಪ್ಪ ಕೊಳ್ಳೇಗಾಲದ ಮಾರುಕಟ್ಟೆಗೆ ಹೋದರು ಬೆಲೆ ಸಿಗಲಿಲ್ಲ ಸಾಲ ಇತ್ತು ಮಾರಿಬಿಟ್ಟರು."

ಇಲ್ಲಿ ಏಳು ಪೂರ್ಣಕ್ರಿಯಾಪದಗಳಿವೆ. ನಡುನಡುವೆ ಅಲ್ಪವಿರಾಮ ಹಾಕಿಸಿದರೆ ತಪ್ಪು ಮುಚ್ಚಿಕೊಳ್ಳುತ್ತದೆ, ಹೋಗುವುದಿಲ್ಲ. 'ಮತ್ತು' ಸೇರಿಸಿದರೂ ಅಷ್ಟೇ. ಮಳೆಗೂ ಗೂಡಿಗೂ ಏನು ಸಂಬಂಧ, ಸಾಲಕ್ಕೂ ಮಾರಾಟಕ್ಕೂ ಏನು ಸಂಬಂಧ ಎಂಬುದನ್ನು 'ಮತ್ತು' ಹೇಳುವುದಿಲ್ಲ. ಆ ಸಂಬಂಧವನ್ನು ಮೊದಲು ಮಗುವಿನ ಬಾಯಿಂದ ಹೇಳಿಸಬೇಕು. ಗೂಡು ಏಕೆ ಕೆಟ್ಟಿತು? ಹುಳು ಗೂಡು ಕಟ್ಟುವ ಹೊತ್ತಿಗೆ ಗಾಳಿಯಲ್ಲಿ ತೇವ ಹೆಚ್ಚಾಯಿತು. ಬೆಲೆ ಸಿಗದಿದ್ದರೂ ಏಕೆ ಮಾರಿದರು? ಸಾಲವಿತ್ತು. ಈಗ ಬರೆಸಿ: "ಹುಳು ಚಂದ್ರಿಕೆಗೆ ಬಂದಾಗ ಮಳೆ ಹಿಡಿದದ್ದರಿಂದ ಗೂಡು ಚೆನ್ನಾಗಿ ಬರಲಿಲ್ಲ. ಅಪ್ಪ ಅದನ್ನೇ ಕೊಳ್ಳೇಗಾಲದ ಮಾರುಕಟ್ಟೆಗೆ ಒಯ್ದರು, ಆದರೆ ಬೆಲೆ ಸಿಗಲಿಲ್ಲ. ಸಾಲವಿದ್ದುದರಿಂದ ಸಿಕ್ಕಷ್ಟಕ್ಕೆ ಮಾರಿಬಿಟ್ಟರು."

ಏಳು ತುಂಡುಗಳು ಮೂರು ವಾಕ್ಯಗಳಾದವು. ಮೊದಲನೆಯದೂ ಮೂರನೆಯದೂ ಮಿಶ್ರ ವಾಕ್ಯಗಳು: ಕಾಲವನ್ನೋ ಕಾರಣವನ್ನೋ ಹೇಳುವ ಭಾಗ ಪ್ರಧಾನ ವಾಕ್ಯಕ್ಕೆ ಅಧೀನ. ನಡುವಿನದು ಸಂಯೋಜಿತ: 'ಆದರೆ'ಯ ಎರಡೂ ಕಡೆ ಸ್ವತಂತ್ರವಾಗಿ ನಿಲ್ಲುವ ಮಾತಿದೆ. ಪೂರ್ಣವಿರಾಮ ಬಿದ್ದಿರುವುದು ಒಂದು ಪ್ರಶ್ನೆಗೆ ಉತ್ತರ ಮುಗಿದು ಇನ್ನೊಂದು ಶುರುವಾಗುವ ಕಡೆ.

ಗಮನಿಸಿ, ಈ ಮೂರರಲ್ಲಿ ಕೂಡಿಸುವ ಪದವೆಂದು ಬಿಡಿಯಾಗಿ ನಿಂತಿರುವುದು 'ಆದರೆ' ಒಂದೇ. ಅಧೀನಗೊಳಿಸುವ ಕೆಲಸವನ್ನು ಕನ್ನಡ ಹೆಚ್ಚಾಗಿ ಕ್ರಿಯಾಪದದ ಬಾಲದಲ್ಲೇ ಮುಗಿಸುತ್ತದೆ: ಬಂದು, ಬರುತ್ತಾ, ಬಂದರೆ, ಬಂದರೂ, ಬಂದಾಗ. ಇಲ್ಲಿ ಎರಡು ಕಡೆ ಎಡವುತ್ತೇವೆ.

ಒಂದು, ಕರ್ತೃ. 'ಬಂದು', 'ಮಾಡಿ' ಎಂಬ ಭೂತನ್ಯೂನ ಸಾಮಾನ್ಯವಾಗಿ ಮುಂದಿನ ಕ್ರಿಯೆಯ ಕರ್ತೃವನ್ನೇ ಬಯಸುತ್ತದೆ. "ಬಸ್ಸು ಹನೂರು ತಲುಪಿ ನಾವು ಟೀ ಕುಡಿದೆವು" ಎಂದರೆ ಕಿವಿಗೆ ಒಗ್ಗದು. "ತಲುಪಿದಾಗ" ಎಂದರೆ ಸರಿಹೋಯಿತು. ಆದರೆ "ಮಳೆ ಬಂದು ಕೆರೆ ತುಂಬಿತು" ಎಂಬುದು ಅಪ್ಪಟ ಕನ್ನಡ. ಮೊದಲ ಘಟನೆಯೇ ಎರಡನೆಯದಕ್ಕೆ ಕಾರಣವಾದಾಗ ಭಾಷೆ ಈ ಸಡಿಲಿಕೆ ಕೊಡುತ್ತದೆ. ಹಾಗಾಗಿ ನಿಯಮವನ್ನು ಬೋರ್ಡಿನ ಮೇಲೆ ಬರೆದು ಬಿಡುವ ಬದಲು ಎರಡೂ ವಾಕ್ಯಗಳನ್ನು ಓದಿಸಿ ಕೇಳಿಸಬೇಕು.

ಎರಡು, ನಿಷೇಧ. "ಅವನು ಯಳಂದೂರಿಗೆ ಬಂದು ನಮ್ಮನ್ನು ನೋಡಲಿಲ್ಲ." ಬಂದನೇ, ಬರಲಿಲ್ಲವೇ? ಕೊನೆಯ 'ಇಲ್ಲ' ಎಲ್ಲಿಯವರೆಗೆ ಹಿಂದಕ್ಕೆ ಹೋಗುತ್ತದೆಂಬುದು ಖಚಿತವಿಲ್ಲ. ಬಂದಿದ್ದನಾದರೆ "ಬಂದರೂ ನೋಡಲಿಲ್ಲ" ಎನ್ನಬೇಕು. ಬಂದೇ ಇಲ್ಲವಾದರೆ "ಬರಲೂ ಇಲ್ಲ, ನೋಡಲೂ ಇಲ್ಲ" ಎಂದು ಬಿಡಿಸಬೇಕು.

ಇಂಗ್ಲಿಷ್ ಕಲಿಸುವ ಮಿತ್ರರ ತೊಂದರೆಯ ಬೇರೂ ಇಲ್ಲೇ ಇದ್ದೀತು. "ಇಳಿದು, ಟೀ ಕುಡಿದು, ಬೆಟ್ಟ ಹತ್ತಿದೆವು" ಎಂಬಲ್ಲಿ ಪೂರ್ಣಕ್ರಿಯಾಪದ ಒಂದೇ. ಮಗು ಅದನ್ನು ಇಂಗ್ಲಿಷಿಗೆ ತರುವಾಗ ಪ್ರತಿ ಕ್ರಿಯೆಗೂ 'ವಿ' ಸೇರಿಸಿ, ಮೂರು ಪೂರ್ಣ ವಾಕ್ಯ ಮಾಡಿ, ನಡುವೆ ಕನ್ನಡದ ಅಲ್ಪವಿರಾಮವನ್ನೇ ಉಳಿಸುತ್ತದೆ. 'ಆಲ್‌ದೋ' ಬರೆದ ಮೇಲೂ 'ಬಟ್' ಬರೆಯುವುದು ಇನ್ನೊಂದು ತಪ್ಪು. ಕನ್ನಡದಲ್ಲೇ "ಬಂದರೂ ಆದರೆ" ಎಂದು ಬರೆಯುವ ಮಗುವಿಗೆ ಅದು ತಪ್ಪೆಂದು ಕಾಣುವುದು ಕಷ್ಟ.

ವಾಕ್ಯ ಎಲ್ಲಿ ನಿಲ್ಲಬೇಕೆಂದು ಕಂಡುಕೊಳ್ಳುವ ಪರೀಕ್ಷೆ ಸುಲಭ. ಪೂರ್ಣಕ್ರಿಯಾಪದಗಳಿಗೆಲ್ಲ ಅಡಿಗೆರೆ ಹಾಕಿಸಿ. ಎರಡರ ನಡುವೆ ಕೂಡಿಸುವ ಪದವೂ ಇಲ್ಲ, ಪೂರ್ಣವಿರಾಮವೂ ಇಲ್ಲವೆಂದರೆ ಅಲ್ಲಿ ನಿಲ್ಲಿಸಿ ಕೇಳಿ. "ಬಂದರು, ಉಂಡರು, ಹೋದರು" ಎಂಬಂಥ ಪುಟ್ಟ ಸರಣಿಗೆ ಕನ್ನಡದಲ್ಲಿ ವಿನಾಯಿತಿ ಇದೆ.

ಇಂದಿನ ಗೋಷ್ಠಿಗಳ ಮುಂದೆ ಎರಡು ಪ್ರಶ್ನೆ ಇಡುತ್ತೇನೆ. ಕನ್ನಡ ಮತ್ತು ಇಂಗ್ಲಿಷ್ ಶಿಕ್ಷಕರು ಒಂದೇ ಮಗುವಿನ ಎರಡು ನೋಟ್‌ಬುಕ್‌ಗಳನ್ನು ಜೊತೆಗಿಟ್ಟು ತಿದ್ದಲು ಸಾಧ್ಯವೇ? ವಾಕ್ಯದ ವಿಧ ಯಾವುದೆಂದು ಗುರುತಿಸುವ ಪ್ರಶ್ನೆಗೆ ಬದಲು, ಐದಾರು ತುಂಡು ವಾಕ್ಯ ಕೊಟ್ಟು ಅವುಗಳ ನಡುವಿನ ಸಂಬಂಧ ಕಾಣುವಂತೆ ಕೂಡಿಸಲು ಹೇಳುವ ಪ್ರಶ್ನೆಯನ್ನು ನಮ್ಮ ಶಾಲಾ ಕಿರುಪರೀಕ್ಷೆಗಳಲ್ಲಿ ಇಡಬಹುದೇ? ಸಂಜೆಯೊಳಗೆ ಇವೆರಡಕ್ಕೆ ಸ್ಪಷ್ಟ ಉತ್ತರ ಬರಲಿ ಎಂದು ಆಶಿಸುತ್ತಾ ಗೋಷ್ಠಿಗಳಿಗೆ ದಾರಿ ಬಿಡುತ್ತೇನೆ.